ಪರ್ಸ್ ಸಿಕ್ಕಿದೆ, ಫೋಟೊ ಹಾಕಬೇಡಿ

ವಾರಕ್ಕೊಮ್ಮೆಯಾದರೂ ಯಾವುದಾದರೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇಂಥದ್ದೊಂದು ಸಂದೇಶ ಬರುತ್ತದೆ. ಮೇಜಿನ ಮೇಲೆ ಸಾಲಾಗಿ ಹರವಿದ ಆಧಾರ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಕಾರ್ಡ್, ಎಟಿಎಂ ಕಾರ್ಡ್. ಪಕ್ಕದಲ್ಲಿ ಬಿಚ್ಚಿಟ್ಟ ಪರ್ಸು. ಕೆಳಗೆ ಎರಡು ಸಾಲು: ‘ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದೆ, ಇವರನ್ನು ಯಾರಾದರೂ ಬಲ್ಲಿರಾ? ಎಲ್ಲ ಗ್ರೂಪಿಗೂ ಶೇರ್ ಮಾಡಿ.’ ಹಾಕಿದವರು ಒಳ್ಳೆಯವರು. ಹಣ ಎತ್ತಿಕೊಂಡು ಪರ್ಸನ್ನು ಚರಂಡಿಗೆ ಎಸೆಯಬಹುದಿತ್ತು, ಹಾಗೆ ಮಾಡಲಿಲ್ಲ. ಆದರೆ ಅವರು ಹಾಕಿದ ಆ ಒಂದು ಫೋಟೊ, ಪರ್ಸ್ ಕಳೆದುಕೊಂಡವನಿಗೆ ಎರಡನೇ ನಷ್ಟ ಉಂಟುಮಾಡಬಲ್ಲದು. ಮೊದಲನೆಯ ನಷ್ಟ ಪರ್ಸು ಸಿಕ್ಕಿದ ದಿನ ತೀರಿಹೋಗುತ್ತದೆ. ಎರಡನೆಯದು ಎಷ್ಟು ಕಾಲ ಉಳಿಯುತ್ತದೆಂದು ಯಾರೂ ಹೇಳಲಾರರು.

ಆ ಫೋಟೊದಿಂದ ಆಗುವ ಕೆಡುಕು ಎರಡು ಬಗೆಯದು. ಒಂದು, ಖಾಸಗಿ ವಿವರ ಬಯಲಾಗುವುದು. ಇದು ಸಾಮಾನ್ಯವಾಗಿ ಎಲ್ಲರಿಗೂ ಹೊಳೆಯುತ್ತದೆ. ಇನ್ನೊಂದು ಅಷ್ಟು ಬೇಗ ಹೊಳೆಯುವುದಿಲ್ಲ: ಪರ್ಸಿನೊಳಗೆ ಏನಿದೆ ಎಂಬುದನ್ನು ಊರಿಗೆಲ್ಲ ತೋರಿಸಿದ ಮೇಲೆ, ‘ಅದು ನನ್ನದು’ ಎಂದು ಫೋನ್ ಮಾಡಿದವನನ್ನು ಪರೀಕ್ಷಿಸಲು ಸಿಕ್ಕವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕಪ್ಪು ಪರ್ಸು, ಎರಡು ಸಾವಿರ ಚಿಲ್ಲರೆ ರೂಪಾಯಿ, ಲೈಸೆನ್ಸು ಎಂದು ಯಾರು ಬೇಕಾದರೂ ಫೋಟೊ ನೋಡಿ ಹೇಳಬಹುದು. ಮುಚ್ಚಿಟ್ಟ ವಿವರವೇ ನಿಜವಾದ ಮಾಲೀಕನನ್ನು ಗುರುತಿಸುವ ಸಾಧನ. ಮಾಲೀಕನ ಗುಟ್ಟನ್ನು ಕಾಪಾಡುವುದೂ ಸರಿಯಾದ ಕೈಗೆ ಪರ್ಸನ್ನು ತಲುಪಿಸುವುದೂ ಬೇರೆ ಬೇರೆ ಕೆಲಸವಲ್ಲ, ಒಂದೇ ಕೆಲಸ.

ಬಯಲಾಗುವುದು ಏನು ಎಂಬುದನ್ನು ಕೊಂಚ ನಿಧಾನವಾಗಿ ನೋಡೋಣ. ಲೈಸೆನ್ಸಿನಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಹುಟ್ಟಿದ ದಿನ, ಮನೆ ವಿಳಾಸ ಇರುತ್ತವೆ. ಪ್ಯಾನ್ ಕಾರ್ಡಿನಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನದ ಜೊತೆಗೆ ಸಹಿ. ಹೆಸರು ಮತ್ತು ಹುಟ್ಟಿದ ವರ್ಷ ಗೊತ್ತಾದರೆ ಏನಾಯಿತು ಎಂದು ಕೇಳುವವರಿದ್ದಾರೆ. ಡೌನ್‌ಲೋಡ್ ಮಾಡಿದ ಇ-ಆಧಾರ್ ಕಡತದ ಪಾಸ್‌ವರ್ಡ್ ಏನೆಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ, ಅಷ್ಟೆ. ಬ್ಯಾಂಕುಗಳು ಇಮೇಲಿನಲ್ಲಿ ಕಳಿಸುವ ಸ್ಟೇಟ್‌ಮೆಂಟುಗಳೂ ಹೆಚ್ಚುಕಡಿಮೆ ಇದೇ ಬಗೆಯ ಬೀಗ ಹಾಕಿಕೊಂಡು ಬರುತ್ತವೆ. ಇನ್ನು ಫೋನಿನಲ್ಲಿ ಮೋಸ ಮಾಡುವವರ ಬಂಡವಾಳವೇ ಇಂಥ ವಿವರಗಳು. ‘ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ’ ಎಂದು ಪೊಲೀಸರ ಧ್ವನಿಯಲ್ಲಿ ಹೆದರಿಸುವವನು, ನಮ್ಮ ಅಪ್ಪನ ಹೆಸರನ್ನೂ ಆಧಾರಿನ ಅಂಕಿಗಳನ್ನೂ ತಪ್ಪಿಲ್ಲದೆ ಓದಿ ಹೇಳಿದರೆ ಎಂಥವರೂ ಒಂದು ಕ್ಷಣ ನಂಬಿಬಿಡುತ್ತಾರೆ.

ಕಾನೂನೂ ಇದನ್ನು ಒಪ್ಪುವುದಿಲ್ಲ. 2016ರ ಆಧಾರ್ ಕಾಯ್ದೆಯ 29ನೇ ಸೆಕ್ಷನ್ನಿನ ಪ್ರಕಾರ, ನಿಯಮಗಳು ಅನುಮತಿಸಿದ ಸಂದರ್ಭಗಳನ್ನು ಬಿಟ್ಟರೆ, ಯಾರದೇ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ, ಪ್ರದರ್ಶಿಸುವಂತಿಲ್ಲ. ಉಪಕಾರ ಮಾಡಲು ಹೊರಟವರು ಇದನ್ನು ತಿಳಿದಿರುವುದು ಒಳ್ಳೆಯದು.

‘ಹಾಗಾದರೆ ನಂಬರ್ ಅಳಿಸಿ ಫೋಟೊ ಹಾಕುತ್ತೇನೆ’ ಎನ್ನುವವರೂ ಇದ್ದಾರೆ. ಇಲ್ಲಿ ಆಗುವ ಎಡವಟ್ಟುಗಳು ಬಹಳ. ಫೋನಿನ ಫೋಟೊ ಎಡಿಟರಿನಲ್ಲಿ ಪೆನ್ನಿನ ಬದಲು ಹೈಲೈಟರ್ ಹಿಡಿದು ಬಳಿದರೆ ಮೇಲ್ನೋಟಕ್ಕೆ ಕಪ್ಪಾಗಿ ಕಂಡರೂ ಬಣ್ಣ ಪೂರ್ತಿ ಕೂತಿರುವುದಿಲ್ಲ; ಬ್ರೈಟ್‌ನೆಸ್ ಏರಿಸಿದವರಿಗೆ ಅಡಿಯ ಅಂಕಿಗಳು ಕಾಣುತ್ತವೆ. ಹನ್ನೆರಡು ಅಂಕಿಯ ಮೇಲೆ ಬಣ್ಣ ಬಳಿದು ಪಕ್ಕದ ಕ್ಯೂಆರ್ ಕೋಡನ್ನು ಹಾಗೆಯೇ ಬಿಡುವುದು ಇನ್ನೂ ದೊಡ್ಡ ತಪ್ಪು. ಈಗಿನ ಆಧಾರ್ ಕ್ಯೂಆರ್‌ನಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ, ಭಾವಚಿತ್ರ, ಆಧಾರಿನ ಕೊನೆಯ ನಾಲ್ಕು ಅಂಕಿ ಎಲ್ಲವೂ ಅಡಗಿವೆ. ಹಳೆಯ ಕಾರ್ಡಾಗಿದ್ದರೆ ಪೂರ್ತಿ ಆಧಾರ್ ಸಂಖ್ಯೆಯೇ ಕ್ಯೂಆರ್‌ನೊಳಗೆ ಇರುತ್ತದೆ. ಹೊರಗಿನ ಅಂಕಿ ಮುಚ್ಚಿ ಒಳಗಿನದನ್ನು ತೆರೆದಿಟ್ಟ ಹಾಗಾಯಿತು. ಆದ್ದರಿಂದ ನನ್ನ ಮಾತು ಇಷ್ಟೇ: ಏನನ್ನು ಮುಚ್ಚಬೇಕು ಎಂದು ಲೆಕ್ಕ ಹಾಕುವ ಗೋಜಿಗೇ ಹೋಗಬೇಡಿ. ದಾಖಲೆಯ ಫೋಟೊ ಬೇಡ, ಪರ್ಸಿನ ಫೋಟೊ ಸಹ ಬೇಡ. ಬರೀ ಮಾತು ಸಾಕು.

ಒಂದು ಉದಾಹರಣೆ ಹಿಡಿದು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಸೋಮವಾರ ಸಂಜೆ, ಹಾಸನದ ಬಸ್ ನಿಲ್ದಾಣ. ಕಲ್ಲುಬೆಂಚಿನ ಕೆಳಗೆ ಒಂದು ಪರ್ಸು ಸಿಕ್ಕಿತು ಎಂದುಕೊಳ್ಳಿ. ಕಪ್ಪು ರೆಕ್ಸಿನ್ನಿನದು, ಒಂದು ಮೂಲೆ ಹರಿದು ದಾರದಿಂದ ಹೊಲಿದಿದ್ದಾರೆ. ಒಳಗೆ ಲೈಸೆನ್ಸು, ಆಧಾರ್, ಒಂದು ಬ್ಯಾಂಕಿನ ರುಪೇ ಕಾರ್ಡು, 2,340 ರೂಪಾಯಿ, ಶಾಲೆಯ ಸಮವಸ್ತ್ರದಲ್ಲಿರುವ ಒಬ್ಬ ಹುಡುಗಿಯ ಪಾಸ್‌ಪೋರ್ಟ್ ಅಳತೆಯ ಫೋಟೊ, ಒಂದು ಕಣ್ಣಿನ ಆಸ್ಪತ್ರೆಯ ಚೀಟಿ, ಸಣ್ಣದೊಂದು ಪೆಟ್ಟಿಗೆಯ ಬೀಗದ ಕೈ.

ಮೊದಲ ಕೆಲಸ, ಇದನ್ನು ಒಬ್ಬರೇ ಕೂತು ಬಿಚ್ಚದಿರುವುದು. ಬಸ್ ನಿಲ್ದಾಣವಾದರೆ ಕಂಟ್ರೋಲ್ ಪಾಯಿಂಟಿನ ಸಿಬ್ಬಂದಿಯ ಎದುರು, ಅಂಗಡಿಯ ಬಳಿಯಾದರೆ ಅಂಗಡಿಯವರ ಎದುರು ತೆರೆದು, ಇರುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಜೇಬುಗಳ್ಳರು ಹಣ ತೆಗೆದುಕೊಂಡು ಪರ್ಸು ಬಿಸಾಡಿ ಹೋಗುವುದು ಎಲ್ಲ ಊರಿನಲ್ಲೂ ಇದೆ. ‘ಇದರಲ್ಲಿ ಐದು ಸಾವಿರ ಇತ್ತಲ್ಲ’ ಎಂಬ ಮಾತು ನಾಳೆ ಬಂದಾಗ ಆ ಚೀಟಿಯೂ ಜೊತೆಗಿದ್ದವರೂ ನಿಮ್ಮ ಪರ ನಿಲ್ಲುತ್ತಾರೆ.

ಎರಡನೆಯದು, ಊರಿಗೆಲ್ಲ ಸಾರುವುದಕ್ಕೆ ಮೊದಲು ನೇರ ದಾರಿ ಇದೆಯೇ ನೋಡುವುದು. ಮಾಲೀಕನ ಫೋನ್ ನಂಬರ್ ಪರ್ಸಿನಲ್ಲಿ ಇಲ್ಲದಿರಬಹುದು. ಆದರೆ ಅದನ್ನು ಬಲ್ಲವರ ಗುರುತು ಇದ್ದೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಕಣ್ಣಿನ ಆಸ್ಪತ್ರೆಯ ಚೀಟಿಯೇ ಸಾಕು. ಆಸ್ಪತ್ರೆಗೆ ಫೋನ್ ಮಾಡಿ ಚೀಟಿಯಲ್ಲಿರುವ ನೋಂದಣಿ ಸಂಖ್ಯೆ ಹೇಳಿ, ‘ಇವರ ಪರ್ಸು ನನ್ನ ಹತ್ತಿರ ಇದೆ, ನೀವೇ ಅವರಿಗೆ ಫೋನ್ ಮಾಡಿ ನನ್ನ ನಂಬರ್ ಕೊಡಿ’ ಎನ್ನಿ. ರೋಗಿಯ ನಂಬರ್ ಕೊಡಿ ಎಂದು ಕೇಳಬೇಡಿ. ಅವರು ಕೊಡಬಾರದು, ನಮಗೆ ಬೇಕಾಗಿಯೂ ಇಲ್ಲ. ಬ್ಯಾಂಕ್ ಕಾರ್ಡಿನ ಹಿಂದೆ ಸಹಾಯವಾಣಿ ಸಂಖ್ಯೆ ಇರುತ್ತದೆ. ಅಲ್ಲಿಗೆ ತಿಳಿಸುವುದಕ್ಕೆ ಇನ್ನೂ ಒಂದು ಕಾರಣವಿದೆ. ಈಗಿನ ಕಾರ್ಡುಗಳನ್ನು ಯಂತ್ರಕ್ಕೆ ಮುಟ್ಟಿಸಿದರೆ ಸಾಕು, ಒಂದು ಸಲಕ್ಕೆ 5,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಪಾವತಿಯಾಗುತ್ತದೆ. ಕಳೆದುಹೋದ ಕಾರ್ಡನ್ನು ಬ್ಯಾಂಕು ತಡೆಹಿಡಿದರೆ ಎಲ್ಲರಿಗೂ ನೆಮ್ಮದಿ. ಅಂಕಪಟ್ಟಿ ಸಿಕ್ಕಿದ್ದರೆ ಅದರಲ್ಲಿರುವ ಶಾಲೆ ಅಥವಾ ಕಾಲೇಜಿಗೆ, ನೌಕರರ ಗುರುತಿನ ಚೀಟಿ ಸಿಕ್ಕಿದ್ದರೆ ಆ ಕಚೇರಿಗೆ ಇದೇ ರೀತಿ ತಿಳಿಸಬಹುದು. ನನ್ನ ಪ್ರಕಾರ ಅರ್ಧಕ್ಕರ್ಧ ಸಂದರ್ಭಗಳಲ್ಲಿ ಗ್ರೂಪಿಗೆ ಹಾಕುವ ಅಗತ್ಯವೇ ಬೀಳುವುದಿಲ್ಲ.

ಆದರೆ ರಾತ್ರಿಯಾಗಿದೆ, ಆಸ್ಪತ್ರೆಯಲ್ಲಿ ಫೋನ್ ಎತ್ತುವವರಿಲ್ಲ, ಲೈಸೆನ್ಸಿನ ವಿಳಾಸ ದೂರದ ಹಳ್ಳಿಯದು ಎಂದುಕೊಳ್ಳಿ. ಆಗ ಬರೆಯುವ ಸಂದೇಶ ಹೀಗಿರಲಿ:

‘9-6-2025, ಸೋಮವಾರ ಸಂಜೆ ಹಾಸನ ಬಸ್ ನಿಲ್ದಾಣದಲ್ಲಿ ಗಂಡಸರ ಪರ್ಸ್ ಒಂದು ಸಿಕ್ಕಿದೆ. ಗುರುತಿನ ದಾಖಲೆಗಳಿವೆ, ಜೋಪಾನವಾಗಿದೆ. ಕಳೆದುಕೊಂಡವರು ಪರ್ಸು ಹೇಗಿದೆ, ಒಳಗೆ ಯಾವ ಯಾವ ದಾಖಲೆಗಳಿದ್ದವು, ದಾಖಲೆ ಮತ್ತು ಹಣ ಬಿಟ್ಟು ಇನ್ನೇನಿತ್ತು ಎಂದು ನನಗೊಬ್ಬನಿಗೇ ಮೆಸೇಜ್ ಮಾಡಿ. ಗ್ರೂಪಿನಲ್ಲಿ ಬರೆಯಬೇಡಿ. ಆಧಾರ್ ನಂಬರ್, ಕಾರ್ಡ್ ನಂಬರ್, ಒಟಿಪಿ ಯಾವುದನ್ನೂ ಕಳಿಸಬೇಡಿ, ನಾನು ಕೇಳುವುದೂ ಇಲ್ಲ. ಬುಧವಾರ ಸಂಜೆಯೊಳಗೆ ಮಾಲೀಕರು ಸಿಗದಿದ್ದರೆ ಪೊಲೀಸ್ ಠಾಣೆಗೆ ಒಪ್ಪಿಸುತ್ತೇನೆ.’

ಇದರಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಗಮನಿಸಿ. ದಿನ, ಹೊತ್ತು, ಊರು, ಜಾಗ ಇವೆ. ಕಳೆದುಕೊಂಡವನು ಇದನ್ನು ಓದಿದರೆ ‘ನನ್ನದೇ ಇರಬಹುದು’ ಎಂದು ಎದ್ದು ಕೂರಲು ಇಷ್ಟು ಸಾಕು. ಬಣ್ಣ ಇಲ್ಲ, ಹೊಲಿಗೆಯ ಮಾತಿಲ್ಲ, ಬ್ಯಾಂಕಿನ ಹೆಸರಿಲ್ಲ, ಎಷ್ಟು ಹಣ ಎಂಬುದಿಲ್ಲ, ಕಲ್ಲುಬೆಂಚಿನ ಸುದ್ದಿಯೂ ಇಲ್ಲ. ಹುಡುಗಿಯ ಫೋಟೊ ಮತ್ತು ಬೀಗದ ಕೈಯ ಬಗ್ಗೆ ಒಂದಕ್ಷರವಿಲ್ಲ. ಈ ಎರಡು ವಸ್ತುಗಳೇ ನಿಜವಾದ ಪರೀಕ್ಷೆ. ಏಕೆಂದರೆ ಲೈಸೆನ್ಸು, ಆಧಾರ್, ಎಟಿಎಂ ಕಾರ್ಡು ಎಂದು ಯಾರು ಬೇಕಾದರೂ ಊಹಿಸಿ ಹೇಳಬಹುದು, ಗಂಡಸರ ಪರ್ಸಿನಲ್ಲಿ ಅವು ಇದ್ದೇ ಇರುತ್ತವೆ. ಪೆಟ್ಟಿಗೆಯ ಬೀಗದ ಕೈಯನ್ನು ಊಹಿಸಿ ಹೇಳುವವರಿಲ್ಲ.

ಹೆಸರು ಹಾಕಬೇಕೇ ಬೇಡವೇ ಎಂಬುದು ಕಷ್ಟದ ಪ್ರಶ್ನೆ. ‘ಮಂಜುನಾಥ್ ಎಂಬುವರ ಪರ್ಸ್’ ಎಂದರೆ ಸ್ನೇಹಿತರು ಗುರುತಿಸಿ ತಿಳಿಸುವ ಸಾಧ್ಯತೆ ಹೆಚ್ಚು, ಸಂದೇಶ ಬೇಗ ತಲುಪುತ್ತದೆ. ಹಾಗೆಂದು ಇನಿಷಿಯಲ್ಲು, ಊರು, ತಂದೆಯ ಹೆಸರು ಸೇರಿದರೆ ಆಳು ಯಾರೆಂದು ಬೆರಳಿಟ್ಟು ತೋರಿಸಿದಂತಾಗುತ್ತದೆ. ಗಂಡಸರದ್ದಾದರೆ, ಸಾಮಾನ್ಯವಾಗಿ ಕೇಳುವ ಹೆಸರಾದರೆ, ಬಡಾವಣೆಯ ಚಿಕ್ಕ ಗ್ರೂಪಿನಲ್ಲಿ ಬರೀ ಹೆಸರು ಹಾಕಬಹುದು ಎಂಬುದು ನನ್ನ ಅಭಿಪ್ರಾಯ. ಹೆಣ್ಣುಮಕ್ಕಳದ್ದಾದರೆ ಹೆಸರು ಸಹ ಬೇಡ. ಹೆಸರು, ಮುಖ, ಊರು ಮೂರೂ ಅಪರಿಚಿತರ ಫೋನಿಗೆ ಹೋದ ಮೇಲೆ ಆ ಹುಡುಗಿಗೆ ಬರುವ ಫೋನುಗಳನ್ನು ನಾವು ತಡೆಯಲಾರೆವು.

ಈಗ ಫೋನುಗಳು ಬರುತ್ತವೆ. ಮೊದಲಿನವರು, ‘ಸಾರ್, ಅದು ನಂದೇ ಅನ್ಸುತ್ತೆ. ಒಂದು ಫೋಟೊ ಕಳ್ಸಿ ಸಾರ್, ನೋಡಿ ಹೇಳ್ತೀನಿ’ ಎನ್ನುತ್ತಾರೆ. ಇವರು ಮೋಸಗಾರರೇ ಆಗಿರಬೇಕಿಲ್ಲ, ನಿಜವಾಗಿ ಪರ್ಸು ಕಳೆದುಕೊಂಡು ಗಾಬರಿಯಲ್ಲಿರುವ ಬೇರೆ ಯಾರೋ ಇರಬಹುದು. ಆದರೂ ಫೋಟೊ ಕಳಿಸಬಾರದು. ‘ನೀವೇ ಹೇಳಿ, ಹೇಗಿತ್ತು ನಿಮ್ಮ ಪರ್ಸು?’ ಎಂದಷ್ಟೇ ಕೇಳಿ. ಇಲ್ಲಿ ಪ್ರಶ್ನೆಯ ರೀತಿ ಮುಖ್ಯ. ‘ಕಪ್ಪು ಬಣ್ಣದ್ದಾ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೌದು, ಇಲ್ಲ ಎಂದು ಉತ್ತರಿಸಬಹುದಾದ ಯಾವ ಪ್ರಶ್ನೆಯೂ ಬೇಡ. ತಪ್ಪು ಹೇಳಿದಾಗ ‘ಅಲ್ಲ, ಕಪ್ಪು’ ಎಂದು ತಿದ್ದಲೂ ಬೇಡಿ. ಅವರು ಇನ್ನೊಂದು ನಂಬರಿನಿಂದ ಸರಿಯುತ್ತರದೊಂದಿಗೆ ಮತ್ತೆ ಬರಬಹುದು. ‘ಆಯಿತು, ನೋಡಿ ಹೇಳುತ್ತೇನೆ’ ಎಂದು ಮಾತು ಮುಗಿಸಿ.

ಇನ್ನೊಂದು ಫೋನು ಹೆಂಗಸಿನದು. ‘ಅಣ್ಣಾ, ನಮ್ಮ ಯಜಮಾನ್ರದ್ದು ಪರ್ಸ್ ಹೋಗಿದೆ. ಒಳಗೆ ಏನಿತ್ತೋ ನಂಗೊತ್ತಿಲ್ಲ. ನನ್ ಮಗಳ ಫೋಟೊ ಒಂದು ಇಟ್ಕೊಂಡಿದ್ರು.’ ದಾಖಲೆಯ ವಿವರ ಒಂದೂ ಗೊತ್ತಿಲ್ಲ, ಬಣ್ಣ ಕೇಳಿದರೆ ಕಂದು ಎನ್ನುತ್ತಾರೆ. ಆದರೆ ಸಂದೇಶದಲ್ಲಿ ಎಲ್ಲೂ ಇಲ್ಲದ ಹುಡುಗಿಯ ಫೋಟೊ ಅವರ ಬಾಯಿಂದ ತಾನಾಗಿ ಬಂತು. ಹತ್ತು ಪ್ರಶ್ನೆಗೆ ಹತ್ತೂ ಸರಿಯುತ್ತರ ಬರಬೇಕೆಂದು ಹಟ ಹಿಡಿಯಬಾರದು. ಮನುಷ್ಯರು ತಮ್ಮ ಪರ್ಸಿನಲ್ಲಿ ಎಷ್ಟು ಹಣವಿದೆ ಎಂಬುದನ್ನು ಸರಿಯಾಗಿ ನೆನಪಿಟ್ಟಿರುವುದಿಲ್ಲ. ಹಳೆಯ ಪರ್ಸಿನ ಬಣ್ಣ ಬೆಳಕಿಗೆ ತಕ್ಕಂತೆ ಕಪ್ಪಾಗಿಯೂ ಕಂದಾಗಿಯೂ ಕಾಣುತ್ತದೆ. ಜೇಬುಗಳ್ಳರ ಕೈಗೆ ಸಿಕ್ಕಿದ್ದಾದರೆ ಎಲ್ಲಿ ಹೋಯಿತೆಂಬುದೇ ಮಾಲೀಕನಿಗೆ ಗೊತ್ತಿರುವುದಿಲ್ಲ, ಒಳಗಿದ್ದದ್ದೆಲ್ಲ ಉಳಿದೂ ಇರುವುದಿಲ್ಲ. ಊಹೆಗೆ ನಿಲುಕದ ಒಂದೆರಡು ವಿವರ ಸರಿಯಾಗಿ ಬಂದರೆ ಮುಂದಿನ ಹೆಜ್ಜೆ ಇಡಬಹುದು.

ಆ ಮುಂದಿನ ಹೆಜ್ಜೆ ಮುಖ ನೋಡುವುದು. ಲೈಸೆನ್ಸಿನ ಮೇಲಿನ ಭಾವಚಿತ್ರವೂ ಎದುರಿಗೆ ನಿಂತವರ ಮುಖವೂ ಹೊಂದಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬಸ್ ನಿಲ್ದಾಣದ ಕಂಟ್ರೋಲ್ ಪಾಯಿಂಟ್, ಠಾಣೆ, ಅಂಗಡಿ, ಹೀಗೆ ನಾಲ್ಕು ಜನ ಇರುವ ಕಡೆ ಕರೆಯಿರಿ, ಮನೆಗೆ ಬೇಡ. ಬರೆದಿಟ್ಟ ಚೀಟಿಯನ್ನು ಎದುರಿಗಿಟ್ಟು ಒಂದೊಂದೇ ವಸ್ತು ಎಣಿಸಿ ಕೊಟ್ಟು, ‘ತಲುಪಿದೆ’ ಎಂದು ತಾರೀಖಿನೊಂದಿಗೆ ಸಹಿ ಪಡೆಯಿರಿ. ಮಾಲೀಕ ಬರಲಾಗದೆ ತಮ್ಮನನ್ನೋ ಮಗನನ್ನೋ ಕಳಿಸುವುದಾದರೆ ಮೊದಲು ವಿಡಿಯೊ ಕಾಲ್‌ನಲ್ಲಿ ಮಾಲೀಕನ ಮುಖ ನೋಡಿಕೊಳ್ಳಿ.

ಪರಸ್ಥಳದವರಾದರೆ ಇನ್ನೊಂದು ಸರಳ ದಾರಿ ಇದೆ. ಫೋನ್ ಮಾಡಿದವರು ಯಾರೇ ಆಗಿರಲಿ, ಅವರು ಹೇಳಿದ ವಿಳಾಸಕ್ಕೆ ಕಳಿಸಬೇಡಿ. ಲೈಸೆನ್ಸಿನಲ್ಲೋ ಆಧಾರಿನಲ್ಲೋ ಅಚ್ಚಾಗಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ನಿಜವಾದ ಮಾಲೀಕ ಇದನ್ನು ಬೇಡವೆನ್ನಲು ಕಾರಣವಿಲ್ಲ. ಸುಳ್ಳು ಹೇಳುತ್ತಿರುವವನು ಮಾತ್ರ ‘ಈಗ ನಾನು ಅಲ್ಲಿಲ್ಲ, ಬೇರೆ ಅಡ್ರೆಸ್ ಕೊಡ್ತೀನಿ’ ಎಂದು ಒತ್ತಾಯ ಮಾಡುತ್ತಾನೆ. ಬಾಡಿಗೆ ಮನೆ ಬದಲಿಸಿದವರೂ ಹೀಗೆ ಹೇಳಬಹುದು. ಆಗ ಠಾಣೆಗೆ ಒಪ್ಪಿಸಿ ಅಲ್ಲಿಂದ ಪಡೆಯಲು ಹೇಳುವುದೇ ಸರಿ. ನೋಟುಗಳನ್ನು ಮಾತ್ರ ಅಂಚೆಯ ಲಕೋಟೆಯೊಳಗೆ ಹಾಕಬೇಡಿ. ವಿಮೆ ಮಾಡಿಸದ ಅಂಚೆಯಲ್ಲಿ ಹಣ ಕಳಿಸುವಂತಿಲ್ಲ.

ಎಷ್ಟು ದಿನ ಕಾಯಬೇಕು? ಇದಕ್ಕೆ ಕಾನೂನಿನಲ್ಲಿ ಲೆಕ್ಕ ಹಾಕಿಟ್ಟ ದಿನಗಳಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆ, ಬೇರೆಯವರ ವಸ್ತುವನ್ನು ಎತ್ತಿಟ್ಟುಕೊಂಡವನಿಗೆ ಅದನ್ನು ಜೋಪಾನ ಮಾಡುವ ಹೊಣೆ ಹೊರಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ ಇನ್ನೂ ಸ್ಪಷ್ಟವಾಗಿದೆ: ಮಾಲೀಕನಿಗೆ ಮರಳಿಸಲೆಂದು ಎತ್ತಿಟ್ಟುಕೊಂಡರೆ ಅಪರಾಧವಲ್ಲ, ಆದರೆ ಮಾಲೀಕನನ್ನು ಹುಡುಕುವ ಸರಿಯಾದ ಪ್ರಯತ್ನ ಮಾಡದೆ ಸ್ವಂತಕ್ಕೆ ಬಳಸಿದರೆ ಅಪರಾಧ, ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಪರ್ಸಿನಲ್ಲಿ ಗುರುತಿನ ಚೀಟಿ ಇರುವಾಗ ‘ಯಾರದ್ದೆಂದು ಗೊತ್ತಾಗಲಿಲ್ಲ’ ಎಂಬ ಮಾತು ನಡೆಯುವುದಿಲ್ಲ. ಎರಡು ದಿನ ನೋಡಿ ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆಯುವುದು ಸಿಕ್ಕವರಿಗೂ ಕ್ಷೇಮ. ರೈಲಿನಲ್ಲಿ ಸಿಕ್ಕಿದ್ದಾದರೆ ರೈಲ್ವೆ ರಕ್ಷಣಾ ದಳಕ್ಕೆ ಕೊಡಬಹುದು ಅಥವಾ 139ಕ್ಕೆ ತಿಳಿಸಬಹುದು. ಮೆಟ್ರೊದಲ್ಲಾದರೆ ನಿಲ್ದಾಣದ ಸಿಬ್ಬಂದಿಗೆ.

ಪರ್ಸು ಕಳೆದುಕೊಂಡವರಿಗೂ ಒಂದು ಮಾತಿದೆ. ಹತಾಶೆಯಲ್ಲಿ ‘ನನ್ನ ಪರ್ಸು ಕಳೆದಿದೆ, ಬ್ಯಾಂಕಿನ ಕಾರ್ಡು, ಲೈಸೆನ್ಸು, ಮಗಳ ಫೋಟೊ ಇದ್ದವು’ ಎಂದು ಎಲ್ಲವನ್ನೂ ಬರೆದು ತಮ್ಮ ಫೋನ್ ನಂಬರ್ ಹಾಕುವವರಿದ್ದಾರೆ. ಇದನ್ನು ಓದಿದವನು ‘ನನ್ನ ಹತ್ತಿರ ಇದೆ, ಕೊರಿಯರ್ ಚಾರ್ಜು 300 ಕಳಿಸಿ’ ಎಂದು ಫೋನ್ ಮಾಡಬಹುದು. ಮಗಳ ಫೋಟೊದ ಮಾತನ್ನೂ ಹೇಳುತ್ತಾನೆ, ಏಕೆಂದರೆ ನೀವೇ ಬರೆದಿದ್ದೀರಿ. ನೀವೂ ಒಂದೆರಡು ವಿವರ ಬಚ್ಚಿಟ್ಟುಕೊಳ್ಳಿ, ಫೋನ್ ಮಾಡಿದವರನ್ನು ಆ ಬಗ್ಗೆ ಕೇಳಿ. ಕೈಗೆ ಬರುವ ಮುಂಚೆ ಹಣ ಕೊಡಬೇಡಿ, ಒಟಿಪಿಯನ್ನಂತೂ ಯಾವ ಕಾರಣಕ್ಕೂ ಹೇಳಬೇಡಿ. ಕಾರ್ಡನ್ನು ಬ್ಯಾಂಕಿನಲ್ಲಿ ತಡೆಹಿಡಿಸಿ. ಆಧಾರಿನ ವಿಷಯಕ್ಕೆ 1947ಕ್ಕೆ ಫೋನ್ ಮಾಡಬಹುದು. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಠಾಣೆಗೆ ಹೋಗದೆಯೇ ದೂರು ದಾಖಲಿಸಿ ಸ್ವೀಕೃತಿ ಪಡೆಯಬಹುದು. ಹೊಸ ದಾಖಲೆ ಮಾಡಿಸಲು ಅದು ಬೇಕಾಗುತ್ತದೆ. ಸಿಕ್ಕವರ ಸಂದೇಶಕ್ಕಿಂತ ಮುಂಚಿನ ಹೊತ್ತು ಅದರಲ್ಲಿದ್ದರೆ ನಿಮ್ಮ ಮಾತಿಗೂ ಬಲ ಬರುತ್ತದೆ.

ಕೆಲಸ ಮುಗಿದ ಮೇಲೆ ಸಂದೇಶವನ್ನು ತೆಗೆಯುವುದನ್ನು ಮರೆಯಬೇಡಿ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸಲು ಸುಮಾರು ಎರಡೂವರೆ ದಿನದ ಅವಕಾಶವಿದೆ. ಬೇರೆಯವರು ಆಗಲೇ ಫಾರ್ವರ್ಡ್ ಮಾಡಿದ್ದಾದರೆ ಅದು ಅಳಿಯುವುದಿಲ್ಲ. ಅಂಕಪಟ್ಟಿ ಸಿಕ್ಕಿದೆ ಎಂಬ ಹಳೆಯ ಸಂದೇಶಗಳು ಮಾಲೀಕರಿಗೆ ಎಂದೋ ತಲುಪಿದ ಮೇಲೂ ಗ್ರೂಪಿನಿಂದ ಗ್ರೂಪಿಗೆ ತಿರುಗುತ್ತಲೇ ಇರುತ್ತವೆ. ಅದಕ್ಕೇ ಮೊದಲ ಸಾಲಿನಲ್ಲೇ ತಾರೀಖು ಇರಲಿ ಎಂದದ್ದು. ಅಳಿಸಿದ ಮೇಲೆ ‘ಮಾಲೀಕರಿಗೆ ತಲುಪಿದೆ, ಇನ್ನು ಶೇರ್ ಮಾಡಬೇಡಿ’ ಎಂಬ ಒಂದು ಸಾಲು ಹಾಕಿ.

ಗ್ರೂಪಿನ ಅಡ್ಮಿನ್ ಆಗಿರುವವರಲ್ಲಿ ಒಂದು ವಿನಂತಿ. ಬೇರೆ ಸದಸ್ಯರು ಹಾಕಿದ ಸಂದೇಶವನ್ನೂ ಅಳಿಸುವ ಅಧಿಕಾರ ಈಗ ನಿಮಗಿದೆ. ಯಾರದೋ ಆಧಾರ್, ಲೈಸೆನ್ಸಿನ ಫೋಟೊ ಗ್ರೂಪಿಗೆ ಬಂದ ಕೂಡಲೇ ಅದನ್ನು ತೆಗೆದು, ಹಾಕಿದವರಿಗೆ ಫೋನ್ ಮಾಡಿ ಮೇಲಿನ ಮಾದರಿಯ ಸಂದೇಶ ಬರೆದುಕೊಡಿ.